ಮಗಳ ಕೋಚಿಂಗ್ ಅರ್ಧಕ್ಕೆ ಬಿಡಿಸಿ ಮುಂಗಡ ವಾಪಸ್ ಪಡೆದದ್ದು

ಕೋಚಿಂಗ್ ಸೆಂಟರ್‌ನಲ್ಲಿ ಪ್ರತಿ ತಿಂಗಳು ಫೀಸು ಕಟ್ಟುತ್ತಿದ್ದೀರಿ ಅಂದರೆ ಯಾವಾಗ ಬೇಕಾದರೂ ಬಿಡಬಹುದು ಅಂತ ಅನಿಸುತ್ತದೆ, ಅಲ್ವಾ? ಆದರೆ ಎಷ್ಟೋ ಕಡೆ ಅದು ತಿಂಗಳ ಫೀಸೇ ಅಲ್ಲ. ವರ್ಷದ ಫೀಸನ್ನೇ ಕಂತು ಮಾಡಿರುತ್ತಾರೆ. ನಿಮ್ಮದು ಯಾವುದು ಅನ್ನುವುದು ಅಡ್ಮಿಷನ್ ಫಾರಂ ಓದಿದರೆ ಗೊತ್ತಾಗುತ್ತದೆ.

ಪಿಯುಸಿಯಲ್ಲಿದ್ದ ನನ್ನ ಮಗಳಿಗೆ ಅಲ್ಲಿನ ಪಾಠದ ವೇಗ ಹೊಂದಲಿಲ್ಲ. ಕೋರ್ಸು ಜೂನ್‌ನಿಂದ ಮಾರ್ಚ್‌ವರೆಗೆ. ತಿಂಗಳಿಗೆ 6,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 7,080 ರೂಪಾಯಿ. ಸೇರಿಸುವಾಗಲೇ ಫೆಬ್ರವರಿ, ಮಾರ್ಚ್ ತಿಂಗಳ 14,160 ರೂಪಾಯಿ ಮುಂಗಡ ತೆಗೆದುಕೊಂಡಿದ್ದರು. ನೋಂದಣಿಗೆ 2,360, ಎರಡು ಸೆಟ್ ಪುಸ್ತಕಕ್ಕೆ 3,000 ಬೇರೆ. ಅಕ್ಟೋಬರ್ ಕೊನೆಗೆ ನಿಲ್ಲಿಸೋಣ ಅಂತ ತೀರ್ಮಾನಿಸಿದೆವು. ತಿಂಗಳ ಕೊನೆಯೇ ಒಳ್ಳೆಯದು. ನಡುವೆ ಬಿಟ್ಟರೆ ಉಳಿದ ದಿನಗಳ ಲೆಕ್ಕಕ್ಕೆ ಸುಮ್ನೆ ಎಳೆದಾಡಬೇಕಾಗುತ್ತದೆ.

ಕೇಳುವ ಮೊದಲು ಲೆಕ್ಕ ಹಾಕಿಕೊಂಡೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪಾಠ ನಡೆದಿದೆ, ಆ ಹಣ ಅವರದು. ನೋಂದಣಿ ಹಣವನ್ನೂ ಬಿಟ್ಟುಕೊಟ್ಟೆ. ಮುಂಗಡಕ್ಕೆ ಮಾತ್ರ ಪಾಠವೇ ನಡೆದಿಲ್ಲ, ಅದು ಪೂರ್ತಿ ಬರಬೇಕು. ಪುಸ್ತಕದ ಎರಡನೇ ಸೆಟ್ ಕೈಗೇ ಬಂದಿರಲಿಲ್ಲ, ಅದರ 1,500 ಸೇರಿಸಿದೆ. ಒಟ್ಟು 15,660.

ಆಫೀಸಿನಲ್ಲಿ ಉಲ್ಟಾ ಲೆಕ್ಕ ಕೊಟ್ಟರು. "ಮೇಡಂ, ಕಟ್ಟಿದ್ದು ವಾಪಸ್ ಇಲ್ಲ ಅಂತ ಫಾರಂನಲ್ಲೇ ಇದೆ. ನವೆಂಬರ್‌ನಿಂದ ಜನವರಿವರೆಗಿನ 21,240 ನೀವೇ ಕೊಡಬೇಕು" ಅಂದರು. ಸಹಿ ಹಾಕಿದ್ದೇವಲ್ಲ ಅಂತ ಹೆಚ್ಚಿನವರು ಇಲ್ಲೇ ಸುಮ್ಮನಾಗುತ್ತಾರೆ. ಆದರೆ ಒಬ್ಬರ ಕಡೆಗೇ ವಾಲಿದ ಇಂಥ ಷರತ್ತನ್ನು ಗ್ರಾಹಕ ಆಯೋಗದಲ್ಲಿ ಪ್ರಶ್ನಿಸಬಹುದು. ಜೊತೆಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಫೀಸು ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ, ಉಳಿದ ಅವಧಿಯ ಹಣವನ್ನು ಲೆಕ್ಕ ಹಾಕಿ 10 ದಿನದೊಳಗೆ ಕೊಡಬೇಕು ಅನ್ನುತ್ತದೆ ಅದು. ಸೆಂಟರ್‌ನ ಹಾಸ್ಟೆಲಿನಲ್ಲಿದ್ದರೆ ಹಾಸ್ಟೆಲ್, ಮೆಸ್ ಹಣಕ್ಕೂ ಇದೇ ಮಾತು. ಪೂರ್ತಿ ಕಟ್ಟಿದವರಿಗೇ ಹೀಗಿರುವಾಗ, ಎರಡು ತಿಂಗಳ ಮುಂಗಡ ಕೇಳುವುದು ಜಾಸ್ತಿ ಏನಲ್ಲ.

ಇದಕ್ಕೆ ಮಿತಿ ಇದೆ. ಮಾರ್ಗಸೂಚಿಯೇ ಕಾನೂನಲ್ಲ, ರಾಜ್ಯಗಳು ಜಾರಿಗೆ ತರಬೇಕು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರ್‌ಗಳಿಗಷ್ಟೇ ಅದು ಅನ್ವಯ. ಮನೆಯಲ್ಲಿ ಪಾಠ ಹೇಳುವ ಟೀಚರ್ ಇದರಲ್ಲಿ ಬರುವುದಿಲ್ಲ. ಅವರ ಹತ್ತಿರ ನಡೆಯುತ್ತಿರುವ ತಿಂಗಳ ಹಣ ವಾಪಸ್ ಕೇಳಬೇಡಿ ಅಂತಲೇ ನಾನು ಹೇಳುತ್ತೇನೆ. ಮುಂದಿನ ತಿಂಗಳದ್ದು ಮೊದಲೇ ಕೊಟ್ಟಿದ್ದರೆ ಅದನ್ನಷ್ಟೇ ಕೇಳಿ.

ಮಾತು ಸಾಕು ಅಂತ ಪತ್ರ ಬರೆದೆ. ಕೊನೆಯ ಕ್ಲಾಸಿನ ದಿನಾಂಕ, ಕಟ್ಟಿದ ರಸೀದಿಗಳ ನಂಬರ್, ಮೇಲಿನ ಲೆಕ್ಕ, ಬ್ಯಾಂಕ್ ಖಾತೆ, 10 ದಿನದ ಗಡುವು, ಇಷ್ಟೇ. ಬಿಡುವ ಕಾರಣ ಒಂದು ಸಾಲು. ಪಾಠದ ಬಗ್ಗೆ ದೂರು ಸೇರಿಸಲಿಲ್ಲ. ಸೇರಿಸಿದರೆ ಮಾತು ಫೀಸು ಬಿಟ್ಟು ಅತ್ತ ಹೋಗುತ್ತದೆ. ಒಂದು ಪ್ರತಿಯ ಮೇಲೆ ಅವರ ಸೀಲು ಹಾಕಿಸಿಕೊಂಡೆ, ಇಮೇಲನ್ನೂ ಕಳಿಸಿದೆ. ಪತ್ರ ತಲುಪಿದ ಮೇಲೆಯೇ ಯುಪಿಐ ಆಟೋಪೇ ರದ್ದು ಮಾಡಿದೆ. ಫೀಸಿಗೆ ಫೈನಾನ್ಸ್ ಕಂಪನಿಯಿಂದ ಸಾಲ ಮಾಡಿಸಿದ್ದರೆ ಮಾತ್ರ ಕಂತು ನಿಲ್ಲಿಸಬೇಡಿ. ಆ ಸಾಲ ನಿಮ್ಮ ಹೆಸರಲ್ಲಿರುತ್ತದೆ, ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಬೀಳುತ್ತದೆ. ಕಂಪನಿಗೂ ಅದೇ ದಿನ ಬರೆದು ತಿಳಿಸಿ.

ಗಡುವು ಮುಗಿದರೂ ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಸೀಲು ಹಾಕಿದ ಪ್ರತಿ ಕಳಿಸಿದೆ. ಸಹಾಯವಾಣಿ ಆದೇಶ ಮಾಡುವುದಿಲ್ಲ, ದೂರನ್ನು ಸಂಸ್ಥೆಗೆ ಕಳಿಸಿ ರಾಜಿಗೆ ಪ್ರಯತ್ನಿಸುತ್ತದೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ನಮಗೆ ಅಲ್ಲಿವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಸೆಂಟರಿನವರೇ ಫೋನ್ ಮಾಡಿದರು. 21,240ರ ಮಾತೇ ಎತ್ತಲಿಲ್ಲ. 12,000 ಕೊಡುತ್ತೇವೆ, ಜಿಎಸ್‌ಟಿ ಸರ್ಕಾರಕ್ಕೆ ಹೋಗಿದೆ ಅಂದರು. ಪಾಠವೇ ನಡೆಯದ ಮುಂಗಡಕ್ಕೆ ಇನ್‌ವಾಯ್ಸ್ ಮಾಡಿರದಿದ್ದರೆ ರೀಫಂಡ್ ವೋಚರ್, ಮಾಡಿದ್ದರೆ ಕ್ರೆಡಿಟ್ ನೋಟ್ ಕೊಟ್ಟು ಅವರು ತೆರಿಗೆ ಸರಿಪಡಿಸಿಕೊಳ್ಳಬಹುದು. ನಿಮ್ಮ ಅಕೌಂಟೆಂಟ್‌ನ ಕೇಳಿ ಅಂದೆ. ಮರುದಿನ 14,160ಕ್ಕೆ ಒಪ್ಪಿದರು. ಪುಸ್ತಕದ ಹಣದ ಬದಲು ಎರಡನೇ ಸೆಟ್ ಕೊಟ್ಟರು, ಮಗಳಿಗೆ ಬೇಕಾಗಿತ್ತು, ತೆಗೆದುಕೊಂಡೆ.

'ಬಾಕಿ ಏನೂ ಇಲ್ಲ' ಅನ್ನುವ ಕಾಗದಕ್ಕೆ ಮೊದಲು ಸಹಿ ಮಾಡಿ ಅಂದರು. ಹಣ ಖಾತೆಗೆ ಬಂದ ಮೇಲೆ ಮಾಡುತ್ತೇನೆ ಅಂದೆ. ಹಾಗೆಯೇ ಆಯಿತು. ಅವರ ಕಡೆಯಿಂದಲೂ ನಮ್ಮ ಬಾಕಿ ಇಲ್ಲ ಅಂತ ಅದರಲ್ಲೇ ಬರೆಸಿಕೊಂಡೆ.