ಆಫೀಸಿನವರ ಜೊತೆ ಸಿನಿಮಾ: ಎಲ್ಲರಿಗೂ ಆಗುವಂಥದ್ದನ್ನು ಆರಿಸುವುದು ಹೇಗೆ?

ಆಫೀಸಿನವರೆಲ್ಲ ಒಟ್ಟಿಗೆ ಸಿನಿಮಾಕ್ಕೆ ಹೋಗೋಣ ಅಂತ ತೀರ್ಮಾನವಾದ ಕೂಡಲೇ ಯಾರೋ ಒಬ್ಬರು ವಾಟ್ಸಾಪ್ ಗುಂಪಿನಲ್ಲಿ ಪೋಲ್ ಹಾಕುತ್ತಾರೆ. ಹೊಸದಾಗಿ ಸೇರಿದ ಹುಡುಗರು ಎರಡು ನಿಮಿಷದಲ್ಲಿ ಒತ್ತಿ ಮುಗಿಸುತ್ತಾರೆ. ಮ್ಯಾನೇಜರ್ ಯಾವುದಕ್ಕೆ ಒತ್ತಿದ್ದಾರೆ ಅಂತ ನೋಡಿಕೊಂಡು ಇನ್ನು ಕೆಲವರು ಅದಕ್ಕೇ ಒತ್ತುತ್ತಾರೆ. ನಿವೃತ್ತಿಗೆ ಹತ್ತಿರವಾದವರು ಮೆಸೇಜನ್ನೇ ನೋಡಿರುವುದಿಲ್ಲ. ಕೊನೆಗೆ ಥಿಯೇಟರಿನಲ್ಲಿ ಇಂಟರ್ವಲ್ ಮುಗಿದರೂ ಅಕೌಂಟ್ಸಿನ ಅಕ್ಕ ಹೊರಗಿನ ಬೆಂಚಿನಿಂದ ಏಳುವುದಿಲ್ಲ. "ತಲೆನೋವು ಮಾರಾಯ್ರೇ, ನೀವು ನೋಡಿ ಬನ್ನಿ" ಅನ್ನುತ್ತಾರೆ. ಕಾಸರಗೋಡಿನ ಆಫೀಸುಗಳಲ್ಲಿ ಇದನ್ನು ಬೇಕಾದಷ್ಟು ನೋಡಿಯಾಗಿದೆ.

ಪೋಲ್ ಹಾಕಿದರೆ ಜಾಸ್ತಿ ಜನಕ್ಕೆ ಇಷ್ಟವಾಗುವ ಸಿನಿಮಾ ಸಿಗುತ್ತದೆ. ಆಫೀಸ್ ಗುಂಪಿಗೆ ಬೇಕಾದದ್ದು ಅದಲ್ಲ. ಯಾರೂ ಎದ್ದು ಹೊರಗೆ ಹೋಗದಂಥ ಸಿನಿಮಾ ಬೇಕು. ಅದಕ್ಕೆ ದಾರಿ ಬೇರೆ.

ಮೊದಲು ದಿನ

ಇದು ಸುಲಭ. ಎರಡನೇ ಶನಿವಾರ, ಬೆಳಗ್ಗಿನ ಆಟ ಅಥವಾ ಮ್ಯಾಟಿನಿ. ಶುಕ್ರವಾರ ಮಧ್ಯಾಹ್ನ ಬೇಡ, ಜುಮಾ ಇರುತ್ತದೆ. ರಂಜಾನ್ ತಿಂಗಳು ಬೇಡ. ನವೆಂಬರ್ ಮಧ್ಯದಿಂದ ಮಾಲೆ ಹಾಕಿದವರಿದ್ದರೆ ಅವರನ್ನು ಕೇಳಿಯೇ ದಿನ ಗೊತ್ತು ಮಾಡಿ. ಸಂಜೆ ಆಟವಂತೂ ಬೇಡವೇ ಬೇಡ. ಮುಳ್ಳೇರಿಯಕ್ಕೋ ಪೆರ್ಲಕ್ಕೋ ಹೋಗುವವರು ಇಂಟರ್ವಲ್ಲಿನಿಂದಲೇ ಬಸ್ಸಿನ ಚಿಂತೆ ಶುರು ಮಾಡುತ್ತಾರೆ.

ಚೀಟಿ ಬರೆಸಿ

ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಡಿ. ಪ್ರಶ್ನೆ ಒಂದೇ: "ಆಫೀಸಿನವರ ಪಕ್ಕ ಕೂತು ನಿಮಗೆ ಏನನ್ನು ನೋಡುವುದಕ್ಕೆ ಆಗುವುದಿಲ್ಲ?" ಹೆಸರು ಬರೆಯುವುದು ಬೇಡ, ಕಾರಣವೂ ಬೇಡ. ಮಡಚಿ ಡಬ್ಬಕ್ಕೆ ಹಾಕಿದರೆ ಆಯಿತು.

"ಆಫೀಸಿನವರ ಪಕ್ಕ" ಅನ್ನುವ ಮಾತನ್ನು ಬಿಡಬೇಡಿ. ಮನೆಯಲ್ಲಿ ಒಬ್ಬರೇ ಕೂತು ಎಂಥ ರಕ್ತಪಾತವನ್ನೂ ನೋಡುವವರು ಮೇಲಧಿಕಾರಿಯ ಪಕ್ಕದಲ್ಲಿ ಒಂದು ಮುತ್ತಿನ ದೃಶ್ಯ ಬಂದರೆ ಮೊಬೈಲ್ ತೆಗೆಯುತ್ತಾರೆ.

ಬಾಯಿಬಿಟ್ಟು ಹೇಳಲಾಗದ್ದೂ ಚೀಟಿಯಲ್ಲಿ ಬರುತ್ತದೆ. ಹೋದ ವರ್ಷ ಅಮ್ಮನನ್ನು ಕಳೆದುಕೊಂಡವರು "ಆಸ್ಪತ್ರೆ ಬೇಡ" ಅಂತ ಬರೆಯಬಹುದು. ಎಣ್ಮಕಜೆ ಕಡೆಯ ಎಂಡೋಸಲ್ಫಾನ್ ಬಾಧಿತ ಮನೆಯವರಿದ್ದರೆ, ಕಾಯಿಲೆಯ ಮಗುವನ್ನು ತೋರಿಸಿ ಅಳಿಸುವ ಸಿನಿಮಾ ಅವರಿಗೆ ಸಿನಿಮಾವಾಗಿ ಉಳಿಯುವುದಿಲ್ಲ. ಅಂಥವರನ್ನು ಕರೆದು "ನಿಮಗೇನೂ ತೊಂದರೆ ಇಲ್ಲ ಅಲ್ವಾ?" ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ಕೇಳುವುದೇ ತಪ್ಪು. ಅದಕ್ಕೇ ಚೀಟಿ.

ಚೀಟಿಗಳನ್ನು ಒಬ್ಬರೇ ಓದಬೇಕು, ಓದಿ ಹರಿದು ಹಾಕಬೇಕು. ಅಕ್ಷರ ಯಾರದು ಅಂತ ಪತ್ತೆ ಮಾಡುವ ಆಟ ಶುರುವಾದರೆ ಮುಂದಿನ ಸಲ ಎಲ್ಲ ಚೀಟಿಯೂ ಖಾಲಿ ಬರುತ್ತದೆ.

ಸಿನಿಮಾವನ್ನೇ ನೋಡದವರೂ ಇರುತ್ತಾರೆ. ಅವರು ನೇರವಾಗಿ ಊಟಕ್ಕೆ ಬರಬಹುದು ಅಂತ ಮೊದಲೇ ಹೇಳಿಬಿಡಿ. ಯಾಕೆ ಅಂತ ಕೇಳಬೇಡಿ.

ಭಾಷೆ: ಎಲ್ಲ ಕೆಡುವುದು ಇಲ್ಲಿ

"ಕಾಸರಗೋಡಿನವರಿಗೆ ಎಲ್ಲ ಭಾಷೆಯೂ ಬರುತ್ತದೆ" ಅನ್ನುವುದು ಭಾಷಣಕ್ಕೆ ಸರಿ, ಟಿಕೆಟ್ ತೆಗೆಯುವುದಕ್ಕೆ ಸಾಲದು. ಬದಿಯಡ್ಕದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಐವತ್ತೈದರ ಗುಮಾಸ್ತರು ಬಸ್ಸಿನಲ್ಲಿ, ಅಂಗಡಿಯಲ್ಲಿ ಸಲೀಸಾಗಿ ಮಲಯಾಳ ಮಾತಾಡುತ್ತಾರೆ. ತ್ರಿಶೂರಿನ ಕಡೆಯ ವೇಗದ ಮಾತಿನ ತಮಾಷೆ ಬಂದಾಗ ಪಕ್ಕದವರು ನಕ್ಕ ಮೇಲೆ ನಗುತ್ತಾರೆ. ಇನ್ನು ತಿರುವನಂತಪುರದಿಂದ ವರ್ಗವಾಗಿ ಬಂದ ಅಧಿಕಾರಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ. ಆದ್ದರಿಂದ "ಭಾಷೆ ಬರುತ್ತದಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಆ ಭಾಷೆಯಲ್ಲಿ ಕಳೆದ ಸಲ ಪೂರ್ತಿ ನೋಡಿದ ಸಿನಿಮಾ ಯಾವುದು?" ಅಂತ ಕೇಳಿ. ಉತ್ತರ ಬರಲು ತಡವಾದರೆ ಅವರಿಗೆ ಆ ಭಾಷೆ ಬೀದಿಯಷ್ಟು ಗೊತ್ತು, ಸಿನಿಮಾದಷ್ಟು ಇಲ್ಲ ಅಂತ ಲೆಕ್ಕ ಹಾಕಿ.

ಇಂಥ ಗುಂಪಿಗೆ ಜನ ಮೊದಲು ಸೂಚಿಸುವುದು ಕಾಮಿಡಿ. ಭಾಷೆ ದಾಟುವಾಗ ಮೊದಲು ಸಾಯುವುದೂ ಅದೇ. ನಗೆಯೆಲ್ಲ ಮಾತಿನಲ್ಲಿದ್ದರೆ ಒಂದು ಪದ ತಪ್ಪಿದರೂ ನಗು ತಪ್ಪುತ್ತದೆ. ಪೊಲೀಸ್ ತನಿಖೆಯ ಕಥೆಗಳೂ ಹಾಗೆಯೇ. ಯಾರು ಯಾವಾಗ ಎಲ್ಲಿದ್ದರು ಅನ್ನುವುದು ಬರೀ ಮಾತಿನಲ್ಲೇ ಸಾಗುತ್ತದೆ, ಅರ್ಧ ಗಂಟೆ ಬಿಟ್ಟುಹೋದರೆ ಮತ್ತೆ ಸೇರಿಕೊಳ್ಳಲು ಆಗುವುದಿಲ್ಲ. ಕಣ್ಣಿಗೆ ಕಾಣುವ ಗುರಿ ಇರುವ ಕಥೆಗಳು ಚೆನ್ನಾಗಿ ದಾಟುತ್ತವೆ. ಪಂದ್ಯ ಗೆಲ್ಲಬೇಕು, ಪ್ರವಾಹದಿಂದ ಪಾರಾಗಬೇಕು, ಮದುವೆಯ ದಿನದೊಳಗೆ ಮನೆ ಕಟ್ಟಬೇಕು. ಮಾತು ತಪ್ಪಿದರೂ ಕಥೆ ತಪ್ಪುವುದಿಲ್ಲ.

ಈಚಿನ ವರ್ಷಗಳಲ್ಲಿ ಕಾಸರಗೋಡು, ಕಾಞಂಗಾಡು ಕಡೆಯ ಮಲಯಾಳವನ್ನೇ ಆಡುವ ಸಿನಿಮಾಗಳು ಬಂದಿವೆ. ನಮ್ಮ ಕನ್ನಡ, ತುಳು ಮನೆಯವರಿಗೆ ಇವು ಬೇರೆ ಮಲಯಾಳ ಸಿನಿಮಾಗಳಿಗಿಂತ ಬೇಗ ಹತ್ತುತ್ತವೆ, ದಿನಾ ಕೇಳುವ ಮಾತೇ ಅಲ್ವಾ? ಕಷ್ಟವಾಗುವುದು ತೆಂಕಣದ ಅಧಿಕಾರಿಗೆ.

ಸಬ್‌ಟೈಟಲ್ ಇದೆಯೋ ಇಲ್ಲವೋ ಅಂತ ಥಿಯೇಟರಿಗೇ ಫೋನ್ ಮಾಡಿ ಕೇಳಿ. ಒಂದೇ ಸಿನಿಮಾಕ್ಕೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರಬಹುದು. ಇದ್ದರೂ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಕನ್ನಡಕ ಬದಲಾಯಿಸುವ ವಯಸ್ಸಿನವರಿಗೆ ಅದು ಸಹಾಯವಲ್ಲ. ಡಬ್ ಆದ ಸಿನಿಮಾ ನನ್ನ ಪಟ್ಟಿಯಲ್ಲೇ ಇಲ್ಲ. ತುಟಿ ಒಂದು ಹೇಳಿ ಕಿವಿಗೆ ಇನ್ನೊಂದು ಬಿದ್ದರೆ ಯಾವ ಭಾಷೆಯವರಿಗೂ ಸಮಾಧಾನವಿಲ್ಲ.

ಸರ್ಟಿಫಿಕೇಟ್ ಓದಿ, ಅಲ್ಲಿಗೇ ನಿಲ್ಲಬೇಡಿ

2024ರಿಂದ ಯುಎ ದರ್ಜೆಯನ್ನು ಮೂರಾಗಿ ಒಡೆದಿದ್ದಾರೆ: ಯುಎ 7+, ಯುಎ 13+, ಯುಎ 16+. ಹಳೆಯ ಸಿನಿಮಾ ಮತ್ತೆ ಬಿಡುಗಡೆಯಾದರೆ ಬರೀ ಯು/ಎ ಅಂತ ಕಾಣಬಹುದು, ಅದರಿಂದ ಏನೂ ತಿಳಿಯುವುದಿಲ್ಲ. ಆಫೀಸಿಗೆ ನನ್ನ ಗೆರೆ ಯುಎ 13+. ಯುಎ 16+ ಇದ್ದರೆ ಅದು ಯಾಕೆ ಬಂತು ಅಂತ ತಿಳಿಯುವ ತನಕ ಟಿಕೆಟ್ ತೆಗೆಯಬೇಡಿ. 'ಎ' ಆದರೆ ಮಾತೇ ಇಲ್ಲ. ಯಾರಾದರೂ ಮಕ್ಕಳನ್ನು ಕರೆತಂದರೆ ಬಾಗಿಲಲ್ಲೇ ತಡೆಯುತ್ತಾರೆ.

ಆದರೆ ಸರ್ಟಿಫಿಕೇಟ್ ಹೇಳುವುದು ಎಷ್ಟು ವಯಸ್ಸಿನ ಮಕ್ಕಳಿಗೆ ಆದೀತು ಅನ್ನುವುದನ್ನು. ದೊಡ್ಡವರಿಗೆ ಎಲ್ಲಿ ಚುಚ್ಚುತ್ತದೆ ಅಂತ ಅದು ಹೇಳುವುದಿಲ್ಲ. 'ಯು' ಸಿಕ್ಕಿದ ಸಿನಿಮಾದಲ್ಲೂ ಹೆಂಡತಿಯ ಬಣ್ಣ, ದಪ್ಪ ದೇಹ, ಒಂದು ಜಾತಿಯ ಮಾತಿನ ಧಾಟಿ ಇವನ್ನೇ ಹಿಡಿದು ಎರಡು ಗಂಟೆ ನಗಿಸುವ ಕಥೆ ಇರಬಹುದು.

ಒಳಗೆ ಏನಿದೆ ಅಂತ ತಿಳಿಯಲು ಎರಡು ಜಾಗ ಹೇಳುತ್ತೇನೆ. ಒಂದು, ಐಎಂಡಿಬಿಯ ಸಿನಿಮಾ ಪುಟದಲ್ಲಿರುವ Parents guide. ಹಿಂಸೆ, ಬೈಗುಳ, ಕುಡಿತ ಎಲ್ಲವನ್ನೂ ಅಲ್ಲಿ ಬೇರೆ ಬೇರೆ ಮಾಡಿ ಬರೆದಿರುತ್ತಾರೆ. ನೋಡುಗರು ತುಂಬಿಸುವುದರಿಂದ ಹೊಸ ಸಿನಿಮಾಕ್ಕೆ ಖಾಲಿ ಇರುವುದೂ ಉಂಟು. ಇನ್ನೊಂದು, ಹೆಚ್ಚಿನವರು ನೋಡದ ಜಾಗ: ಬ್ರಿಟನ್ನಿನ ಸೆನ್ಸಾರ್ ಮಂಡಳಿಯ bbfc.co.uk. ಅಲ್ಲಿನ ಥಿಯೇಟರುಗಳಿಗೆ ಹೋಗುವ ಮಲಯಾಳ, ತಮಿಳು, ಹಿಂದಿ, ಕನ್ನಡ ಸಿನಿಮಾಗಳಿಗೂ ಅವರು ದರ್ಜೆ ಕೊಟ್ಟು, ಯಾಕೆ ಕೊಟ್ಟೆವು ಅಂತ ಬರೆಯುತ್ತಾರೆ. ರಕ್ತ ಎಷ್ಟು, ಲೈಂಗಿಕ ಹಿಂಸೆ ಇದೆಯೇ, ಆತ್ಮಹತ್ಯೆಯ ಪ್ರಸಂಗ ಬರುತ್ತದೆಯೇ ಅಂತ ತಿಳಿಯಲು ಅದು ಸಾಕು. ತುಳು ಸಿನಿಮಾಕ್ಕೆ ಈ ಎರಡನ್ನೂ ನೆಚ್ಚಬೇಡಿ, ನೋಡಿ ಬಂದವರನ್ನು ಹಿಡಿದು ಕೇಳಿ.

ಯೂಟ್ಯೂಬಿನಲ್ಲಿ ಮೊದಲ ಆಟ ಮುಗಿಯುವ ಮೊದಲೇ ಬರುವ ವಿಮರ್ಶೆಗಳನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಮೊದಲ ವಾರವೇ ಬೇಡ. ಅಭಿಮಾನಿಗಳ ಶಿಳ್ಳೆಯಲ್ಲಿ ಮಾತು ಕೇಳುವುದಿಲ್ಲ. ಎರಡನೇ ವಾರದ ಹೊತ್ತಿಗೆ ಒಳಗಿನ ಸಂಗತಿ ಹೊರಗೆ ಬಂದಿರುತ್ತದೆ.

ಆಫೀಸಿನ ಹಾಲಿನಲ್ಲೇ ಪ್ರೊಜೆಕ್ಟರ್ ಇಟ್ಟು ಒಟಿಟಿ ಹಾಕಿದರಾಯಿತು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಚಂದಾ ಸಾಮಾನ್ಯವಾಗಿ ಮನೆಬಳಕೆಗೆ ಮಾತ್ರ ಕೊಟ್ಟದ್ದು. ಅಲ್ಲದೆ ಫೋನ್ ರಿಂಗಾದರೆ ಎಲ್ಲರೂ ಮತ್ತೆ ಸೀಟಿಗೇ ಹೋಗಿ ಕೂರುತ್ತಾರೆ.

ಒಂದು ಲೆಕ್ಕ ಹಾಕೋಣ

ಕಾಸರಗೋಡಿನ ಒಂದು ಸಹಕಾರಿ ಸಂಘ, ಹದಿನಾರು ಜನ ಅಂತಿಟ್ಟುಕೊಳ್ಳಿ. ಹನ್ನೊಂದು ಮಂದಿಗೆ ಕನ್ನಡ ಬರುತ್ತದೆ, ಹತ್ತು ಮಂದಿಗೆ ತುಳು, ಮಲಯಾಳ ಪೂರ್ತಿ ಹತ್ತುವುದು ಹನ್ನೆರಡು ಮಂದಿಗೆ. ಚೀಟಿಯಲ್ಲಿ ಬಂದದ್ದು: ರಕ್ತ ಬೇಡ ನಾಲ್ಕು, ಹೊಲಸು ಜೋಕ್ ಬೇಡ ಮೂರು, ದೆವ್ವ ಬೇಡ ಎರಡು, ಆಸ್ಪತ್ರೆಯ ಸಾವು ಬೇಡ ಒಂದು. ಉಳಿದವು ಖಾಲಿ. ಒಂದೇ ಚೀಟಿ ಬಂದದ್ದಕ್ಕೂ ನಾಲ್ಕು ಬಂದದ್ದಕ್ಕೂ ಬೆಲೆ ಒಂದೇ, ಇಲ್ಲಿ ಬಹುಮತ ಇಲ್ಲ.

ಆ ವಾರ ನಾಲ್ಕು ಸಿನಿಮಾ ಓಡುತ್ತಿವೆ. ಮೂರು ಗಂಟೆಯ ಕನ್ನಡ ಆಕ್ಷನ್, ಯುಎ 16+: ರಕ್ತದ ಚೀಟಿಗೆ ಬಿತ್ತು. ಮಲಯಾಳದ ಕೊಲೆ ತನಿಖೆ: ರಕ್ತವೂ ಇದೆ, ಬರೀ ಮಾತೂ ಇದೆ, ಅದೂ ಬಿತ್ತು. ತುಳು ಕಾಮಿಡಿ, 'ಯು': ಅದಕ್ಕೆ ಮಂಗಳೂರಿಗೆ ಹೋಗಬೇಕು, ಹೋಗಿ ಬರಲು ನೂರು ಕಿಲೋಮೀಟರ್. ಅದಾದರೂ ಆಗಲಿ ಅಂದರೆ ಆರು ಮಂದಿಗೆ ತುಳು ಇಲ್ಲ. ನೋಡಿ ಬಂದವರು "ಜೋಕೆಲ್ಲ ಎರಡರ್ಥದ್ದು" ಅಂದರು. ಬಿತ್ತು. ಉಳಿದದ್ದು ಮಲಬಾರಿನ ಸೆವೆನ್ಸ್ ಫುಟ್‌ಬಾಲ್ ತಂಡದ ಕಥೆಯ ಮಲಯಾಳ ಸಿನಿಮಾ, ಯುಎ 7+, ಎರಡು ಗಂಟೆ ಹತ್ತು ನಿಮಿಷ, ಊರಲ್ಲೇ. ಮಲಯಾಳ ಪೂರ್ತಿ ಹತ್ತದ ನಾಲ್ವರಿಗೂ ಪಂದ್ಯ ಹತ್ತುತ್ತದೆ. ಒಂದು ಕುಡಿತದ ದೃಶ್ಯ ಇದೆ, ಅದಕ್ಕೆ ಚೀಟಿ ಇಲ್ಲ. ಇದೇ ಆಗಲಿ. ಆಕ್ಷನ್ ಬೇಕು ಅಂದ ಹುಡುಗರು ಗೊಣಗುತ್ತಾರೆ. ಗೊಣಗಲಿ, ಅವರು ಅದನ್ನು ಭಾನುವಾರ ಹೇಗೂ ನೋಡುತ್ತಾರೆ.

ನಾಲ್ಕೂ ಬಿದ್ದರೆ ಆ ವಾರ ಸಿನಿಮಾ ಬೇಡ, ಬೇಕಲ ಕೋಟೆಗೆ ಹೋಗಿ. ಎಳೆದುಕೊಂಡು ಹೋಗಬೇಡಿ.

ಬುಕ್ ಮಾಡುವ ಮುಂಚಿನ ಮೆಸೇಜ್

ಅವಧಿಗೆ ಜಾಹೀರಾತು ಮತ್ತು ಇಂಟರ್ವಲ್ ಅಂತ ಅರ್ಧ ಗಂಟೆ ಸೇರಿಸಿ ಮುಗಿಯುವ ಹೊತ್ತನ್ನು ಬರೆಯಿರಿ. ಕಥೆ ಏನು ಅಂತ ಒಂದು ಸಾಲು, ಒಳಗೆ ಇರುವುದು ಏನು ಅಂತ ಇನ್ನೊಂದು ಸಾಲು. ಹೀಗೆ:

"ಶನಿವಾರ 11ಕ್ಕೆ ಸಿನಿಮಾ, ಮಲಯಾಳ, ಸಬ್‌ಟೈಟಲ್ ಇಲ್ಲ. ಫುಟ್‌ಬಾಲ್ ತಂಡದ ಕಥೆ. ಒಂದು ಕುಡಿತದ ದೃಶ್ಯ ಇದೆ, ಹೊಡೆದಾಟ ಕಡಿಮೆ. 1:40ಕ್ಕೆ ಮುಗಿಯುತ್ತದೆ, ಆಮೇಲೆ ಊಟ. ಊಟಕ್ಕೆ ಮಾತ್ರ ಬರುವವರೂ ಹೇಳಿ. ಬುಧವಾರ ರಾತ್ರಿಯೊಳಗೆ ನನಗೆ ಮಾತ್ರ ಮೆಸೇಜ್ ಮಾಡಿ."

"ನನಗೆ ಮಾತ್ರ" ಅನ್ನುವುದು ಇರಲಿ, ಗುಂಪಿನಲ್ಲಿ ಯಾರೂ "ನಾನಿಲ್ಲ" ಅಂತ ಬರೆಯುವುದಿಲ್ಲ. ಮಂಡಿ ನೋವಿನವರಿಗೆ ನಡುದಾರಿಯ ಪಕ್ಕದ ಸೀಟು ತೆಗೆಯಿರಿ, ಮ್ಯಾನೇಜರನ್ನು ಸಾಲಿನ ತುದಿಗೆ ಕೂರಿಸಿ. ಒರಗುವ ದುಬಾರಿ ಸೀಟಿಗೆ ದುಡ್ಡು ಹಾಕಬೇಡಿ, ಆಫೀಸಿನವರು ಅದರಲ್ಲಿ ನಿದ್ದೆಯನ್ನೇ ಮಾಡುವುದು.