ಕೊನೆ ವರ್ಷದ ಪ್ರಾಜೆಕ್ಟ್: ಉಪ್ಪಿನ ಬಾಟಲಿ ಹೇಳದ ಆ ಒಂದು ಪರ್ಸೆಂಟ್

ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಕ್ಕಳು ನಾಲ್ಕು ನಾಲ್ಕು ಜನರ ಗುಂಪು ಕಟ್ಟಿಕೊಂಡು ಸ್ಟಾಫ್ ರೂಮಿಗೆ ಬರುತ್ತಾರೆ. ಕೈಯಲ್ಲಿರುವ ಪಟ್ಟಿ ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ: ಮುಖ ನೋಡಿ ಹಾಜರಿ ಹಾಕುವ ಕ್ಯಾಮೆರಾ, ಅಂಧರಿಗೆ ಸ್ಮಾರ್ಟ್ ಕೋಲು, ಮಣ್ಣಿನ ತೇವ ನೋಡಿ ತಾನೇ ಚಾಲೂ ಆಗುವ ಪಂಪು. ಕೆಟ್ಟ ವಿಷಯಗಳೇನಲ್ಲ. ಆದರೆ ಇವೆಲ್ಲ ಹುಟ್ಟಿದ್ದು ಹಳೇ ರಿಪೋರ್ಟುಗಳಿಂದ, ಯಾರದೋ ತೊಂದರೆಯಿಂದಲ್ಲ. ಹಾಗಾಗಿ ವೈವಾದಲ್ಲಿ 'ಇದನ್ನು ಯಾರು ಬಳಸುತ್ತಾರೆ?' ಎಂದರೆ ಉತ್ತರ ಬರುವುದಿಲ್ಲ.

ವಿಷಯ ಆರಿಸುವ ಬಗೆಯನ್ನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ. ನಮ್ಮ ದಾವಣಗೆರೆ ಸೀಮೆಯದೇ ಬೆಳೆ, ಮೆಕ್ಕೆಜೋಳ.

ಅಂದಾಜಿನ ಮೇಲೆ ನಡೆಯುವ ಒಂದು ಕೆಲಸ ಹುಡುಕಿ

ಸುಗ್ಗಿಯಲ್ಲಿ ಹಳ್ಳಿ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳದ್ದೇ. ಅಲ್ಲಿ ನಿಂತು ರೈತರನ್ನು ಕೇಳಬೇಕಾದದ್ದು 'ನಿಮಗೇನು ಸಮಸ್ಯೆ?' ಅಂತಲ್ಲ. ಹಾಗೆ ಕೇಳಿದರೆ ರೇಟಿಲ್ಲ, ಕರೆಂಟಿಲ್ಲ ಎನ್ನುತ್ತಾರೆ. ಅದು ನಿಮ್ಮ ಕೈಲಾಗುವುದಲ್ಲ. 'ಕಾಳು ಒಣಗಿತು ಅಂತ ಹೇಗೆ ಗೊತ್ತಾಗುತ್ತೆ?' ಎಂದು ಕೇಳಿ. ಒಬ್ಬ ಹಿರಿಯರು ನಮ್ಮ ಹುಡುಗರ ಮುಂದೆ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದರು. 'ಕಟ್ ಅಂದ್ರ ಒಣಗೈತಿ. ಇಲ್ಲಾಂದ್ರ ಇನ್ನೊಂದು ಬಿಸ್ಲು ಬೇಕು' ಅಂದರು. ಹಲ್ಲಿನಿಂದ ಅಳೆಯುವ ಆ ಕೆಲಸದಲ್ಲೇ ಪ್ರಾಜೆಕ್ಟ್ ಇತ್ತು.

ಆ ಅಂದಾಜು ತಪ್ಪಿದರೆ ಎಷ್ಟು ನಷ್ಟ, ಲೆಕ್ಕ ಹಾಕಿ

ಬೆಂಬಲ ಬೆಲೆ ಖರೀದಿಗೆ ಮೆಕ್ಕೆಜೋಳದ ತೇವಾಂಶ ಶೇ 14ರ ಒಳಗಿರಬೇಕು. ಹೆಚ್ಚಿದ್ದರೆ ಬೆಲೆ ಕಡಿತ ಅಥವಾ ವಾಪಸ್, ಇದು ಎಲ್ಲರಿಗೂ ಗೊತ್ತು. ಕಣ್ಣಿಗೆ ಬೀಳದ ಇನ್ನೊಂದು ನಷ್ಟವಿದೆ: ಭಯಪಟ್ಟು ಜಾಸ್ತಿ ಒಣಗಿಸುವುದು. ಶೇ 14 ತೇವಾಂಶದ ಒಂದು ಕ್ವಿಂಟಲ್‌ನಲ್ಲಿ ಒಣ ಭಾಗ 86 ಕೆ.ಜಿ. ಅದನ್ನೇ ಶೇ 11ಕ್ಕೆ ಇಳಿಸಿದರೆ ಒಟ್ಟು ತೂಕ 86 ÷ 0.89, ಅಂದರೆ ಸುಮಾರು 96.6 ಕೆ.ಜಿ. ನೀರಾಗಿ ಹಾರಿಹೋದ 3.4 ಕೆ.ಜಿ.ಗೆ ಯಾರೂ ದುಡ್ಡು ಕೊಡುವುದಿಲ್ಲ. 2025-26ರ ಬೆಂಬಲ ಬೆಲೆ 2,400 ರೂಪಾಯಿ ಹಿಡಿದರೆ ಕ್ವಿಂಟಲಿಗೆ 80 ರೂಪಾಯಿ ಹೋಯಿತು, 50 ಕ್ವಿಂಟಲಿಗೆ 4,000. ನಿಮ್ಮ ಸಾಧನದ ಖರ್ಚು ಈ ಅಂಕಿಗಿಂತ ಎಷ್ಟು ಕಡಿಮೆಯಿರಬೇಕು ಎಂಬುದೂ ಇಲ್ಲೇ ಗೊತ್ತಾಯಿತು. ಇಂಥ ಒಂದು ಲೆಕ್ಕ ಹುಟ್ಟದ ವಿಷಯವನ್ನು ನಾನು ಒಪ್ಪುವುದಿಲ್ಲ.

ಈಗಾಗಲೇ ಏನಿದೆ ಎಂದು ನೋಡಿ, ಅಗ್ಗದ್ದನ್ನೂ ಬಿಡದೆ

ಕಾಳಿನ ತೇವಾಂಶ ಅಳೆಯುವ ಮೀಟರುಗಳು ವ್ಯಾಪಾರಿಗಳ ಹತ್ತಿರ ಇವೆ. ಅವು ಕಾಳಿನ ಕೆಪಾಸಿಟೆನ್ಸ್ ಅಳೆಯುವಂಥವು. ಅದನ್ನೇ ಅಗ್ಗವಾಗಿ ಮಾಡುತ್ತೇವೆ ಎಂದು ನಮ್ಮ ಹುಡುಗರು ಹೊರಟರು. ಒಳಗೊಂದು ಹೊರಗೊಂದು ಕೊಳವೆಯಿಟ್ಟ ಹತ್ತು ಸೆಂಟಿಮೀಟರ್ ಉದ್ದದ ಡಬ್ಬಿ ಖಾಲಿಯಿದ್ದಾಗ ಬರುವುದೇ ಸುಮಾರು 8 ಪಿಕೊಫ್ಯಾರಡ್. ಒಂದಡಿ ವೈರಿನದೇ ಅದಕ್ಕಿಂತ ಹೆಚ್ಚಾಗಬಹುದು. ಕೈ ಹತ್ತಿರ ತಂದರೆ ರೀಡಿಂಗ್ ಬದಲಾಗುತ್ತಿತ್ತು, ಡಬ್ಬಿಯನ್ನು ಸ್ವಲ್ಪ ಕುಟ್ಟಿದರೂ ಬದಲಾಗುತ್ತಿತ್ತು. ಒಂದು ವಾರದಲ್ಲೇ ಅದನ್ನು ಬಿಟ್ಟರು, ಬಿಟ್ಟದ್ದು ಒಳ್ಳೆಯದಾಯಿತು.

ಇನ್ನೊಂದು ಇರುವುದು ಉಪ್ಪಿನ ಬಾಟಲಿ. ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಮೆಕ್ಕೆಜೋಳ, ಎರಡು ಚಮಚ ಒಣ ಉಪ್ಪು ಹಾಕಿ ಮುಚ್ಚಿ ಅಲ್ಲಾಡಿಸಿ, ಹದಿನೈದು ನಿಮಿಷ ಬಿಡುವುದು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಸುಮಾರು ಶೇ 15ಕ್ಕಿಂತ ಹೆಚ್ಚು. ಅಡುಗೆ ಉಪ್ಪು ನೀರೊಡೆಯುವುದು ಸುತ್ತಲಿನ ಗಾಳಿಯ ಆರ್ದ್ರತೆ ಶೇ 75 ದಾಟಿದಾಗ, ಮತ್ತು ಶೇ 15 ತೇವದ ಕಾಳು ತನ್ನ ಸುತ್ತಲಿನ ಗಾಳಿಯನ್ನು ಹೆಚ್ಚುಕಡಿಮೆ ಅಷ್ಟಕ್ಕೇ ತರುತ್ತದೆ. ಖರ್ಚಿಲ್ಲ, ಬ್ಯಾಟರಿ ಬೇಡ. ನಿಮ್ಮ ಪ್ರಾಜೆಕ್ಟ್ ಇದನ್ನು ಮೀರಿಸದಿದ್ದರೆ ಅದು ಬೇಡವೇ ಬೇಡ.

ಆದರೆ ಉಪ್ಪು ಹೇಳುವುದು 15ರ ಮಾತು, ಬೇಕಾದ್ದು 14. ಆ ಒಂದು ಪರ್ಸೆಂಟ್‌ನಲ್ಲೇ ಹೊಸತನಕ್ಕೆ ಜಾಗ ಸಿಕ್ಕಿತು. ಉಪ್ಪಿನ ಬದಲು ಬಾಟಲಿಯ ಮುಚ್ಚಳಕ್ಕೆ ಆರ್ದ್ರತೆಯ ಸೆನ್ಸರ್ ಕೂರಿಸಿದರೆ? 25 ಡಿಗ್ರಿಯಲ್ಲಿ ಶೇ 14 ತೇವದ ಮೆಕ್ಕೆಜೋಳಕ್ಕೆ ಗಾಳಿಯ ಆರ್ದ್ರತೆ ಸುಮಾರು ಶೇ 70ಕ್ಕೆ ನಿಲ್ಲುತ್ತದೆ.

ಅತಿ ಕಷ್ಟದ ಭಾಗವನ್ನು ಮೊದಲ ಎರಡು ವಾರದಲ್ಲಿ ಪರೀಕ್ಷಿಸಿ

ಆ್ಯಪ್, ಡಿಸ್‌ಪ್ಲೇ, ಪೆಟ್ಟಿಗೆ ಎಲ್ಲ ಆಮೇಲೆ. ಮೊದಲು ಸೆನ್ಸರ್ ಆ ವ್ಯತ್ಯಾಸ ಹಿಡಿಯುತ್ತದೆಯೇ ನೋಡಬೇಕು. ಈ ಹಂತದಲ್ಲಿ ಗಾಳಿಯ ಆರ್ದ್ರತೆ 5 ಪಾಯಿಂಟ್ ಬದಲಾದರೆ ಕಾಳಿನ ತೇವಾಂಶ ಸುಮಾರು ಒಂದು ಪಾಯಿಂಟ್ ಬದಲಾದಂತೆ. ಎಲ್ಲರ ಕಿಟ್ಟಿನಲ್ಲೂ ಇರುವ DHT11ರ ತಪ್ಪೇ ±5. ಅದು 70 ತೋರಿಸಿದರೆ ಕಾಳು 13 ಇರಬಹುದು, 15ರೂ ಇರಬಹುದು. ನಮ್ಮ ಕೆಲಸಕ್ಕೆ ಬಾರದು. SHT31ರ ತಪ್ಪು ಸುಮಾರು ±2, ಅಂದರೆ ಕಾಳಿನಲ್ಲಿ ಅರ್ಧ ಪಾಯಿಂಟ್‌ನೊಳಗೆ. ಸೆನ್ಸರ್ ಆಯ್ಕೆಗೆ ಇಷ್ಟು ಕಾರಣ ಕೊಡಬಲ್ಲ ಗುಂಪು ವೈವಾದಲ್ಲಿ ತಡವರಿಸುವುದಿಲ್ಲ.

ಸೆನ್ಸರ್ ಸರಿಯಿದೆಯೇ ಎಂದು ನೋಡಲು ಮತ್ತೆ ಅಡುಗೆಮನೆಗೇ ಹೋಗಿ. ಚಿಕ್ಕ ಬಟ್ಟಲಿನಲ್ಲಿ ಉಪ್ಪಿಗೆ ಒಂದಿಷ್ಟೇ ನೀರು ಬೆರೆಸಿ, ಕರಗದ ಉಪ್ಪು ತಳದಲ್ಲಿ ಉಳಿಯುವಂತೆ ಮಾಡಿ, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75ರ ಹತ್ತಿರ ತೋರಿಸಬೇಕು.

ಆಮೇಲೆ ಕಾಳು. ಒಂದೇ ರಾಶಿಯ ಕಾಳನ್ನು ಹತ್ತು ಸಲ ತುಂಬಿ, ಪ್ರತಿ ಸಲ ಒಂದು ಗಂಟೆ ಕಾದು ಬರೆದುಕೊಳ್ಳಿ. ಈ ಹತ್ತು ಅಂಕಿಗಳ ನಡುವಿನ ಅಂತರ ಐದು ಪಾಯಿಂಟ್ ಆದರೆ 14ಕ್ಕೂ 15ಕ್ಕೂ ಭೇದ ತಿಳಿಯುವುದಿಲ್ಲ. ಆಗ ವಿಷಯ ಬದಲಿಸಿ, ಇನ್ನೂ ಸಮಯವಿದೆ. ನಿಜವಾದ ತೇವಾಂಶ ತಿಳಿಯಲು ಲ್ಯಾಬಿನ ಓವನ್‌ನಲ್ಲಿ ಇಡೀ ಕಾಳನ್ನು 103 ಡಿಗ್ರಿಯಲ್ಲಿ 72 ಗಂಟೆ ಇಟ್ಟು, ಮುಂಚಿನ ಮತ್ತು ನಂತರದ ತೂಕ ನೋಡಬೇಕು. ಮೂರು ದಿನ ಓವನ್ ನಿಮಗೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ನಮ್ಮ ಹುಡುಗರು ಎಡವಿದ್ದು ಇಲ್ಲೇ. ಬಿಸಿಲಿನಿಂದ ಎತ್ತಿ ತಂದ ಕಾಳನ್ನು ತಕ್ಷಣ ಬಾಟಲಿಗೆ ತುಂಬಿದರೆ ಒಂದು ಅಂಕಿ, ಮರುದಿನ ಅದೇ ಬಾಟಲಿಯಲ್ಲಿ ಇನ್ನೊಂದು. ಎರಡು ಕಾರಣ. ಬಿಸಿ ಕಾಳು ಅದೇ ತೇವಾಂಶಕ್ಕೂ ಹೆಚ್ಚು ಆರ್ದ್ರತೆ ತೋರಿಸುತ್ತದೆ. ಜೊತೆಗೆ ಬಿಸಿಲಿಗೆ ಕಾಳಿನ ಮೈ ಒಣಗಿದ್ದರೂ ಒಳಗೆ ಹಸಿ ಇರುತ್ತದೆ; ಅದು ಹೊರಬರಲು ಗಂಟೆಗಳು ಬೇಕು.

ಮಿತಿಯನ್ನು ಒಪ್ಪಿಕೊಂಡು ಪ್ರಶ್ನೆಯನ್ನು ಚಿಕ್ಕದು ಮಾಡಿ

ಮಾರುಕಟ್ಟೆಯಲ್ಲಿ ಲಾರಿ ಮುಂದೆ ಯಾರೂ ಒಂದು ಗಂಟೆ ಕಾಯುವುದಿಲ್ಲ. ಅಂದಮೇಲೆ ಇದು ಮಾರುಕಟ್ಟೆಯ ಸಾಧನವಲ್ಲ. ಸಂಜೆ ರಾಶಿ ಮಾಡಿ ತಾಡಪಾಲು ಹೊದಿಸುವಾಗ ಮೇಲಿನಿಂದ, ಬುಡದಿಂದ ಒಂದೊಂದು ಬಾಟಲಿ ತುಂಬಿ ಮನೆಯೊಳಗಿಟ್ಟರೆ, ನಾಳೆ ಮತ್ತೆ ಹರಡಬೇಕೋ ಚೀಲ ತುಂಬಬೇಕೋ ಎಂದು ಬೆಳಿಗ್ಗೆ ಗೊತ್ತಾಗುತ್ತದೆ. ರಾತ್ರಿಯಿಡೀ ಸಮಯವಿದೆ, ಕಾಳು ತಣ್ಣಗಾಗಿರುತ್ತದೆ. ಹೀಗೆ 'ಸ್ಮಾರ್ಟ್ ಕೃಷಿ' ಎಂದು ಶುರುವಾದದ್ದು 'ಒಣಹಾಕಿದ ಮೆಕ್ಕೆಜೋಳ ಶೇ 14ಕ್ಕೆ ಬಂದಿದೆಯೇ ಎಂದು ರಾತ್ರಿ ಕಳೆಯುವುದರೊಳಗೆ ತಿಳಿಸುವ ಬಾಟಲಿ' ಎಂಬ ಒಂದು ವಾಕ್ಯಕ್ಕೆ ಇಳಿಯಿತು. ಸಿನಾಪ್ಸಿಸ್‌ನ ಮೊದಲ ಸಾಲಿಗೆ ಅಷ್ಟು ಸಾಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಾಲೇಜಿನ ಮೂಲಕ ಅರ್ಜಿ ಹಾಕುವಾಗಲೂ ಇದೇ ಸಾಲು ಬರೆಯಿರಿ.

ಕ್ಯಾಲೆಂಡರ್ ಒಂದನ್ನು ಮರೆಯಬೇಡಿ. ಮುಂಗಾರಿನ ಮೆಕ್ಕೆಜೋಳ ಒಕ್ಕಣೆಗೆ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ನಿಮ್ಮ ಪ್ರಾಜೆಕ್ಟಿನ ಓಡಾಟ ಜೋರಾಗುವುದು ಅದಾದ ಮೇಲೆ. ಆಗ ಹಸಿ ಕಾಳು ಸಿಗುವುದಿಲ್ಲ. ಒಣ ಕಾಳಿಗೆ ನೀರು ಸೇರಿಸಿ ತಯಾರಿಸಬಹುದು: ಶೇ 12ರ ಒಂದು ಕೆ.ಜಿ.ಯನ್ನು ಶೇ 16ಕ್ಕೆ ತರಲು 48 ಗ್ರಾಂ ನೀರು ಚಿಮುಕಿಸಿ, ಬಿಗಿಯಾದ ಕವರಿನಲ್ಲಿ ಕಟ್ಟಿ, ಆಗಾಗ ಅಲ್ಲಾಡಿಸುತ್ತಾ ಮೂರು ದಿನ ಫ್ರಿಜ್‌ನಲ್ಲಿಡಬೇಕು. ಆದರೂ ಹೊಲದ ಕಾಳು ಹೊಲದ ಕಾಳೇ. ನವೆಂಬರ್‌ನಲ್ಲೇ ಎರಡು ಮೂರು ಊರಿನ ರಾಶಿಯಿಂದ ಐದೈದು ಕೆ.ಜಿ. ತಂದು, ಅಳೆದು, ಊರು ಮತ್ತು ತಾರೀಖು ಬರೆದು ಇಟ್ಟುಕೊಳ್ಳಿ.