ಬೈಗುಳವೋ, ಟಿಕ್ಕೋ? ಗುರುತಿಸುವುದು ಹೀಗೆ

ಎರಡು ವರ್ಷದ ಹಿಂದೆ ಹಾಸನಾಂಬೆಯ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದೆವು. ನಾನು, ತಮ್ಮ, ಅವನ ಹೆಂಡತಿ, ಅವರ ಹತ್ತು ವರ್ಷದ ಮಗ. ಮೂರು ಗಂಟೆ ಕಳೆದಿತ್ತು. ಗರ್ಭಗುಡಿ ಹತ್ತಿರ ಬಂದಂತೆ ಹುಡುಗನ ಬಾಯಿಂದ 'ಸೂ' ಎಂದು ಶುರುವಾಗುವ ಆ ಕೆಟ್ಟ ಮಾತು ಹೊರಬಿತ್ತು. ಮತ್ತೆ ಬಂತು, ಮತ್ತೆ ಬಂತು. ಹಿಂದಿದ್ದವರು 'ಎಂಥ ಮನೆಯವರೋ' ಅಂದರು. ಇನ್ನೊಬ್ಬರು 'ಮೈಮೇಲೆ ಏನೋ ಬಂದಿದೆ' ಅಂದರು. ತಮ್ಮ ಅಲ್ಲೇ ಮಗನ ಕೆನ್ನೆಗೆ ಬಾರಿಸಿದ. ಏಟು ಬಿದ್ದ ಮೇಲೆ ಮಾತು ಜಾಸ್ತಿಯಾಯಿತು.

ಅದು ಟುರೆಟ್ ಸಿಂಡ್ರೋಮ್. 1885ರಲ್ಲಿ ಫ್ರಾನ್ಸ್‌ನ ವೈದ್ಯ ಜಿಲ್ ದ ಲಾ ಟುರೆಟ್ ಇದನ್ನು ವಿವರಿಸಿದರು, ಹೆಸರು ಅವರದೇ. ಮೈಯ ಯಾವುದಾದರೂ ಭಾಗ ತಾನಾಗಿ ಥಟ್ಟನೆ ಅಲುಗುವುದು, ಗಂಟಲಿನಿಂದ ಸದ್ದು ಬರುವುದು ಇದರ ಲಕ್ಷಣ. ಇವನ್ನೇ ಟಿಕ್ ಅನ್ನುತ್ತಾರೆ. ಕೆಟ್ಟ ಮಾತು ಟಿಕ್ ಆಗಿ ಬಂದರೆ ಅದು ಕೊಪ್ರೊಲೇಲಿಯಾ. ಅದು ಬರುವುದು ಟುರೆಟ್ ಇರುವ ನೂರು ಜನರಲ್ಲಿ ಸುಮಾರು 10ರಿಂದ 20 ಜನರಿಗೆ ಅಷ್ಟೆ. ಬೈಯುವುದೇ ಈ ಕಾಯಿಲೆ ಎಂದುಕೊಳ್ಳಬೇಡಿ.

ಆ ಸಾಲಿನಲ್ಲಿ ನಾವು ಮಾಡಿದ ತಪ್ಪನ್ನು ಆಮೇಲೆ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಹಿಂದಿನ ವರ್ಷಗಳನ್ನು ನೆನಪು ಮಾಡಿಕೊಳ್ಳಿ. ನಮ್ಮ ಹುಡುಗ ಆರನೇ ವಯಸ್ಸಿಗೆ ಕಣ್ಣು ಪಟಪಟ ಹೊಡೆಯುತ್ತಿದ್ದ. ಕನ್ನಡಕ ಹಾಕಿಸಿದೆವು. ಆಮೇಲೆ ಭುಜ ಕುಣಿಸಿದ, ಗಂಟಲು ಕೆರೆದ. ಅಲರ್ಜಿ ಅಂದುಕೊಂಡು ಸಿರಪ್ ಕುಡಿಸಿದೆವು. ಕೆಟ್ಟ ಮಾತು ಬಂದದ್ದು ನಾಲ್ಕು ವರ್ಷದ ನಂತರ. ಸಾಮಾನ್ಯವಾಗಿ ಇದೇ ಕ್ರಮ. ಹಿಂದೆ ಏನೂ ಇಲ್ಲದೆ ಹದಿನೈದರ ವಯಸ್ಸಿನಲ್ಲಿ ಒಂದೇ ದಿನ ಶುರುವಾಗಿ, ಉದ್ದುದ್ದ ವಾಕ್ಯಗಳಲ್ಲೇ ಬೈಗುಳ ಬರುತ್ತಿದ್ದರೆ ಅದು ಬೇರೆ ತೊಂದರೆ ಇರಬಹುದು, ಚಿಕಿತ್ಸೆಯೂ ಬೇರೆ. ಡಾಕ್ಟರಿಗೆ ಅದನ್ನೇ ಮೊದಲು ಹೇಳಿ.

ಆಮೇಲೆ, ಮಾತು ಯಾವುದು ಅನ್ನುವುದನ್ನು ಬಿಟ್ಟು, ಅದು ಹೇಗೆ ಬರುತ್ತದೆ ಎಂದು ಕೇಳಿ. ಒಂದು ಸಂಜೆ ಹುಡುಗ ನನಗೆ ಹೇಳಿದ್ದು ಹೀಗೆ: 'ಅತ್ತೆ, ನಾಳೆ ಪರೀಕ್ಷೆಗೆ ಸೂ.. ಸೂ.. ನೀಲಿ ಪೆನ್ನು ಬೇಕು.' ಪೆನ್ನಿಗೂ ಆ ಮಾತಿಗೂ ಸಂಬಂಧವೇ ಇಲ್ಲ. ವಾಕ್ಯದ ನಡುವೆ ನುಗ್ಗಿತು, ಅರ್ಧಕ್ಕೇ ತುಂಡಾಯಿತು, ದನಿ ಚೂಪಾಯಿತು. ಮುಖದಲ್ಲಿ ಸಿಟ್ಟಿಲ್ಲ. ಆಮೇಲೆ ವಾಕ್ಯ ಬಿಟ್ಟಲ್ಲಿಂದಲೇ ಮುಂದುವರಿಯಿತು.

ಅದೇ ವಾರ ಪಕ್ಕದ ಮನೆ ಹುಡುಗ ಇವನ ಸೈಕಲ್ ಗಾಳಿ ಬಿಟ್ಟ. ಇವನು ಗೇಟಿನಲ್ಲಿ ನಿಂತು, 'ಆ ಸೂ.. ಮಗ ನನ್ನ ಸೈಕಲ್ ಗಾಳಿ ಬಿಟ್ಟಿದ್ದಾನೆ' ಎಂದು ಕೂಗಿದ. ಇದು ಬೈಗುಳ. ಯಾರಿಗೆ ಅನ್ನುವುದಿದೆ, ಯಾಕೆ ಅನ್ನುವುದಿದೆ. ಮಾತು ವಾಕ್ಯದಲ್ಲಿ ತನ್ನ ಜಾಗದಲ್ಲೇ ಕೂತಿದೆ. ಬೈದು ಮನಸ್ಸು ಹಗುರ ಮಾಡಿಕೊಂಡ. ಇದಕ್ಕೆ ಗದರಿದೆ, ಪೆನ್ನಿನ ದಿನ ಗದರಲಿಲ್ಲ. ಟುರೆಟ್ ಇರುವ ಮಗುವಿಗೂ ಸಿಟ್ಟು ಬರುತ್ತದೆ, ಅದೂ ಬೈಯುತ್ತದೆ. ಎಲ್ಲವನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ.

ಇನ್ನು ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. 'ಹೆಡ್ ಮಾಸ್ಟರ್ ಮುಂದೆ ಅರ್ಧ ಗಂಟೆ ಸುಮ್ನೆ ಕೂತಿದ್ದ, ಮನೆಗೆ ಬಂದ ತಕ್ಷಣ ಶುರು ಮಾಡಿದ. ಬೇಕಂತಲೇ ಮಾಡ್ತಾನೆ, ಅಲ್ವಾ?' ತಮ್ಮನೂ ಇದನ್ನೇ ಹೇಳುತ್ತಿದ್ದ. ನಾನು ಅವನಿಗೆ, 'ಕಣ್ಣು ಮುಚ್ಚದೆ ಗಡಿಯಾರ ನೋಡುತ್ತಾ ಕೂರು' ಅಂದೆ. ಮೊದಲ ಹತ್ತು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಕಣ್ಣು ಉರಿಯಿತು, ನೀರು ಬಂತು. ಕೊನೆಗೆ ರೆಪ್ಪೆ ಮುಚ್ಚಿತು, ಅದೂ ನಾಲ್ಕೈದು ಸಲ ಒಟ್ಟೊಟ್ಟಿಗೆ. ಟಿಕ್ ತಡೆಯುವುದೂ ಸುಮಾರು ಹಾಗೆಯೇ. ಸ್ವಲ್ಪ ಹೊತ್ತು ತಡೆಯಬಹುದು, ತಡೆದಷ್ಟೂ ಒಳಗೆ ಒತ್ತಡ ಏರುತ್ತದೆ. 'ಗಂಟಲೊಳಗೆ ಇರುವೆ ಹರಿದ ಹಾಗೆ ಆಗುತ್ತೆ ಅತ್ತೆ, ಅಂದುಬಿಟ್ಟರೆ ಹೋಗುತ್ತೆ' ಎಂದ ಹುಡುಗ. ಡಾಕ್ಟರುಗಳು ಇದನ್ನು ಟಿಕ್‌ಗೆ ಮುಂಚಿನ ಒತ್ತಡ ಅನ್ನುತ್ತಾರೆ. ಹತ್ತು ವಯಸ್ಸಿನ ಆಸುಪಾಸಿನಿಂದ ಮಕ್ಕಳು ಇದನ್ನು ಬಾಯಿಬಿಟ್ಟು ಹೇಳಬಲ್ಲರು. ಕೇಳಬೇಕು ಅಷ್ಟೆ.

ಹಾಗಾದರೆ ದೇವಿಯ ಎದುರೇ ಯಾಕೆ ಬಂತು? ಎಲ್ಲಿ ಏನು ಅನ್ನಬಾರದೋ ಅಲ್ಲಿ ಅದೇ ನಾಲಿಗೆ ತುದಿಗೆ ಬರುವುದು ಕೊಪ್ರೊಲೇಲಿಯಾದ ಕ್ರೂರ ಗುಣ. ದಪ್ಪಗಿರುವವರನ್ನು ಕಂಡರೆ ಆ ಮಾತು, ಗುಡಿಯಲ್ಲಿ ಈ ಮಾತು. ಬೇಡದ ಚಲನೆಗೆ ತಡೆ ಹಾಕುವುದರಲ್ಲಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೆ ಪಾತ್ರವಿದೆ. ಅಲ್ಲಿನ ತಡೆ ಸಡಿಲವಾದಾಗ ಟಿಕ್ ನುಸುಳುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ಜೊತೆಗೆ ಸುಸ್ತು, ಭಯ, ಗದ್ದಲ ಸೇರಿದರೆ ಟಿಕ್ ಹೆಚ್ಚುತ್ತದೆ. ಮೂರು ಗಂಟೆಯ ಸಾಲಿನಲ್ಲಿ ಇವೆಲ್ಲವೂ ಇದ್ದವು, ಮೇಲೆ ಅಪ್ಪನ ಏಟೂ ಬಿತ್ತು. ಅಲ್ಲಿ ಬಂತು ಎಂದರೆ ಹುಡುಗನಿಗೆ ಭಕ್ತಿ ಇಲ್ಲ ಎಂದಲ್ಲ. ಅಲ್ಲಿ ಅನ್ನಬಾರದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಾತು ಬಂದಾಗ ಏನು ಮಾಡಬೇಕು? ಏನೂ ಮಾಡಬೇಡಿ. ತಿರುಗಿ ನೋಡಬೇಡಿ, 'ಮತ್ತೆ ಅಂದೆ ನೋಡು' ಅನ್ನಬೇಡಿ, ನಗಬೇಡಿ. ಪೆನ್ನಿನ ಮಾತಿದ್ದರೆ ಪೆನ್ನಿನ ಬಗ್ಗೆಯೇ ಉತ್ತರ ಕೊಡಿ. ನಾಲಿಗೆಗೆ ಮೆಣಸಿನಪುಡಿ ಹಚ್ಚುವುದು, ಬರೆ ಹಾಕುವುದು ಖಂಡಿತ ಬೇಡ. ನಮ್ಮಮ್ಮನೂ ಮೊದಲು ಅದನ್ನೇ ಹೇಳಿದ್ದರು. ಅಂಗಡಿಯವರು ಕೊಡುವ ಮಿದುಳಿನ ಟಾನಿಕ್, ಜ್ಞಾಪಕಶಕ್ತಿ ಸಿರಪ್‌ಗಳಿಗೂ ದುಡ್ಡು ಹಾಕಬೇಡಿ. ಅವುಗಳಿಂದ ಟಿಕ್ ಕಡಿಮೆಯಾಗುವುದಿಲ್ಲ. ನಾವು ಆರು ಬಾಟಲಿ ಖಾಲಿ ಮಾಡಿದ್ದೇವೆ.

ಶಾಲೆಗೆ ಒಂದು ಪುಟದ ಪತ್ರ ಕೊಡಿ. ತೀರಾ ಒತ್ತಡವಾದಾಗ ಐದು ನಿಮಿಷ ಹೊರಗೆ ಹೋಗಿ ಬರಲು ಬಿಡಿ ಎಂದು ಕೇಳಿಕೊಳ್ಳಿ.

ಡಾಕ್ಟರ ಬಳಿ ಹೋಗುವ ಮೊದಲು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ, ಹುಡುಗನಿಗೆ ಹೇಳಿಯೇ ಮಾಡಿ. ಆಸ್ಪತ್ರೆಯ ಕುರ್ಚಿಯಲ್ಲಿ ಬಹಳ ಮಕ್ಕಳು ಟಿಕ್ ತಡೆದುಕೊಂಡು ಕೂರುತ್ತಾರೆ. ಆಗ ಡಾಕ್ಟರ್ ನೋಡುವುದಾದರೂ ಏನನ್ನು? ಟುರೆಟ್ ಇದೆ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮೈಯ ಟಿಕ್ ಒಂದಕ್ಕಿಂತ ಹೆಚ್ಚು, ಗಂಟಲಿನದು ಕನಿಷ್ಠ ಒಂದು, 18ರೊಳಗೆ ಶುರುವಾಗಿ ವರ್ಷ ದಾಟಿರಬೇಕು. ಇದರ ಮೇಲೆ, ಬೇರೆ ಕಾರಣವಿಲ್ಲ ಎಂದು ಖಚಿತ ಮಾಡಿಕೊಂಡು ನಿರ್ಧರಿಸುತ್ತಾರೆ. ನರರೋಗ ತಜ್ಞರು ಅಥವಾ ಮಕ್ಕಳ ಮನೋವೈದ್ಯರು ಸರಿಯಾದ ಜಾಗ. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ತೀರಾ ಕಷ್ಟವಿದ್ದರೆ ಮಾತ್ರೆ ಇದೆ, ಆದರೆ ತೂಕಡಿಕೆ, ಮೈ ದಪ್ಪವಾಗುವಂಥ ತೊಂದರೆಗಳೂ ಜೊತೆಗೆ ಬರಬಹುದು. ಅದಕ್ಕೇ ಮೊದಲು, ಟಿಕ್‌ಗೆ ಮುಂಚಿನ ಒತ್ತಡ ಶುರುವಾದಾಗ ಬೇರೆ ಕ್ರಿಯೆ ಮಾಡಲು ಕಲಿಸುವ ಅಭ್ಯಾಸದ ಚಿಕಿತ್ಸೆ ಕೇಳಿ ಎನ್ನುತ್ತೇನೆ. ಟಿಕ್ ಸಾಮಾನ್ಯವಾಗಿ ಹತ್ತು ಹನ್ನೆರಡರ ವಯಸ್ಸಿನಲ್ಲಿ ಜೋರಾಗಿರುತ್ತದೆ, ಹದಿಹರೆಯ ಮುಗಿಯುವ ಹೊತ್ತಿಗೆ ಹೆಚ್ಚಿನವರಿಗೆ ಇಳಿಯುತ್ತದೆ.

ಅಭ್ಯಾಸದಲ್ಲಿ ಹುಡುಗ ಕಲಿತದ್ದು ಇಷ್ಟು. ಗಂಟಲಲ್ಲಿ ಇರುವೆ ಹರಿಯಲು ಶುರುವಾದ ಕೂಡಲೇ ಬಾಯಿ ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರು ಎಳೆದು ಬಿಡುವುದು. ಒಂದು ನಿಮಿಷ, ಅಥವಾ ಆ ಒತ್ತಡ ಇಳಿಯುವ ತನಕ. ಅಷ್ಟು ಹೊತ್ತು ಆಗದಿದ್ದಾಗ ಮಾತನ್ನು ಮಧ್ಯದಲ್ಲಿ ತಿರುಗಿಸುವುದನ್ನು ತಾನೇ ಕಂಡುಕೊಂಡಿದ್ದಾನೆ. ಈಗ ಎಷ್ಟೋ ಸಲ 'ಸೂರ್ಯ' ಎಂದು ಹೊರಬರುತ್ತದೆ. ಕೆಲವು ಸಲ ಹಳೆಯ ಮಾತೇ ಬರುತ್ತದೆ. ಊಟದ ಹೊತ್ತಿನಲ್ಲಿ ಹಾಗಾದರೆ ನನ್ನ ತಮ್ಮ ಸಾರಿನ ಪಾತ್ರೆ ಅವನತ್ತ ಸರಿಸುತ್ತಾನೆ, ಊಟ ಮುಂದುವರಿಯುತ್ತದೆ.